ಶ್ರೀಹರಿಕೋಟಾಕ್ಕೂ ಕೌರುವಿಗೂ ವೇಗದಲ್ಲಿ ಬರೀ 11 ಮೀಟರ್ ವ್ಯತ್ಯಾಸ. ಹಾಗಾದರೆ ಇಂಧನ ಉಳಿಯುವುದು ಎಲ್ಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮಗಳನ್ನು ಕರೆದುಕೊಂಡು ಶ್ರೀಹರಿಕೋಟಾಕ್ಕೆ ಉಡಾವಣೆ ನೋಡಲು ಹೋಗಿದ್ದೆ. ರಾಕೆಟ್ ಮೇಲೇರಿ ಸ್ವಲ್ಪ ಹೊತ್ತಿಗೆ ಸಮುದ್ರದ ಕಡೆ ವಾಲಿತು. ಆದರೆ ನೇರ ಪೂರ್ವಕ್ಕೆ ಹೋಗಲಿಲ್ಲ. ನಮ್ಮ ಬಲಗಡೆಗೆ, ಅಂದರೆ ಆಗ್ನೇಯಕ್ಕೆ ಹೋದ ಹಾಗಿತ್ತು. ಮಗಳು ತಕ್ಷಣ ಹಿಡಿದುಕೊಂಡಳು: "ಅಪ್ಪಾ, ಪೂರ್ವಕ್ಕೆ ಹಾರಿಸಿದರೆ ಭೂಮಿಯೇ ತಳ್ಳುತ್ತದೆ ಅಂತ ಪುಸ್ತಕದಲ್ಲಿದೆ. ಇದು ಯಾಕೆ ಸೊಟ್ಟ ಹೋಯ್ತು?"

ಮನೆಗೆ ಬಂದು ಲೆಕ್ಕ ಹಾಕಿದೆ. ಭೂಮಧ್ಯರೇಖೆಯಲ್ಲಿ ನೆಲದ ವೇಗ ಸೆಕೆಂಡಿಗೆ 465 ಮೀಟರ್. ಶ್ರೀಹರಿಕೋಟಾ 13.7 ಡಿಗ್ರಿ ಉತ್ತರದಲ್ಲಿದೆ, ಅಲ್ಲಿ 452 ಮೀಟರ್. ಫ್ರೆಂಚ್ ಗಯಾನಾದ ಕೌರು 5.2 ಡಿಗ್ರಿಯಲ್ಲಿದೆ, ಅಲ್ಲಿ 463. ಎರಡಕ್ಕೂ ಬರೀ 11 ಮೀಟರ್ ವ್ಯತ್ಯಾಸ. ಕಕ್ಷೆಗೆ ಹೋಗಲು ಸೆಕೆಂಡಿಗೆ ಏಳೆಂಟು ಕಿಲೋಮೀಟರ್ ವೇಗ ಬೇಕು. ಅದರ ಮುಂದೆ 11 ಮೀಟರ್ ಯಾವ ಲೆಕ್ಕ? ಹಾಗಿದ್ದೂ 2018ರ ಡಿಸೆಂಬರ್‌ನಲ್ಲಿ ನಮ್ಮ ಜಿಸ್ಯಾಟ್-11 ಉಪಗ್ರಹವನ್ನು ಕೌರುವಿನಿಂದ ಹಾರಿಸಿದರು. "ಭೂಮಧ್ಯರೇಖೆಗೆ ಹತ್ತಿರ, ಅದಕ್ಕೇ" ಅಂತ ಎಲ್ಲರೂ ಹೇಳುತ್ತಾರೆ. ನನಗೆ ಲೆಕ್ಕ ಕೂಡುತ್ತಿಲ್ಲ. ತಿಳಿದವರು ಬಿಡಿಸಿ ಹೇಳಿ.

ಹುಬ್ಬಳ್ಳಿ ವಿನಯ

ಸರ್, ಇದು ಓಡುವ ಬಸ್ಸಿನ ಲೆಕ್ಕ. ಬಸ್ಸು ಹೋಗುವ ದಿಕ್ಕಿಗೇ ಮುಖ ಮಾಡಿ ಇಳಿದರೆ ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತೇವೆ. ಹಿಂದಕ್ಕೆ ಮುಖ ಮಾಡಿ ಇಳಿದರೆ ಬೀಳುತ್ತೇವೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ರಾಕೆಟ್ ಇನ್ನೂ ಕಂಬದ ಮೇಲೆ ನಿಂತಿದ್ದಾಗಲೇ ಅದಕ್ಕೆ ಪೂರ್ವದ ಕಡೆಗೆ 452 ಮೀಟರ್ ವೇಗ ಇರುತ್ತದೆ. ಅಷ್ಟು ಇಂಧನ ಉಳಿತಾಯ.

11 ಮೀಟರ್ ಸಣ್ಣದು ಅಂದುಕೊಳ್ಳಬೇಡಿ. ಶಕ್ತಿ ವೇಗದ ವರ್ಗದ ಮೇಲೆ ಹೋಗುತ್ತದೆ. ಹಾಗಾಗಿ ಮೇಲೆ ಹೋದಾಗ ಆ 11 ಮೀಟರೇ ದೊಡ್ಡದಾಗುತ್ತದೆ. ಜಿಸ್ಯಾಟ್-11 ಕೌರುವಿಗೆ ಹೋದದ್ದು ಅದಕ್ಕೇ.

ಕಕ್ಷೆಗಾರ

ನಾನು ಬಹಳ ವರ್ಷ ಉಪಗ್ರಹಗಳ ಕಕ್ಷೆಯ ಲೆಕ್ಕ ಹಾಕುವ ಕೆಲಸದಲ್ಲಿದ್ದೆ. ಈಗ ನಿವೃತ್ತ. ಪ್ರಶ್ನೆ ತುಂಬ ಚೆನ್ನಾಗಿದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ವಿನಯ ಅವರು ಹೇಳಿದ ಬಸ್ಸಿನ ಮಾತು ಸರಿ. 452 ಮೀಟರ್ ನಿಜವಾಗಿಯೂ ಪುಕ್ಕಟೆ ಸಿಗುತ್ತದೆ. ಆದರೆ 11 ಮೀಟರ್ ದೊಡ್ಡದಾಗುತ್ತದೆ ಅನ್ನುವುದು ಸರಿಯಲ್ಲ. ರಾಕೆಟ್ ಲೆಕ್ಕದಲ್ಲಿ ನಾವು ವೇಗವನ್ನೇ ಕೂಡುತ್ತೇವೆ, ಕಳೆಯುತ್ತೇವೆ. ಗಾಳಿಯ ತಡೆ, ಗುರುತ್ವದ ಎಳೆತ ಎಲ್ಲ ಸೇರಿಸಿದರೆ ಕೆಳಗಿನ ಕಕ್ಷೆಗೆ ಸುಮಾರು 9,300 ಮೀಟರ್ ಬೇಕು. ಅದರಲ್ಲಿ 11 ಅಂದರೆ 11 ಅಷ್ಟೇ. ತುಂಗಾತೀರ ಅವರ ಅನುಮಾನ ಸರಿಯಾದ ಜಾಗದಲ್ಲೇ ಇದೆ.

ಜಿಸ್ಯಾಟ್-11 ಕೌರುವಿಗೆ ಹೋಗಲು ಮೊದಲ ಕಾರಣ ತೂಕ. ಅದು 5,854 ಕೆಜಿ ಇತ್ತು. ನಮ್ಮ ಎಲ್‌ವಿಎಂ3 ರಾಕೆಟ್ ಆಗ ಜಿಟಿಒಗೆ, ಅಂದರೆ ಇಂಥ ಉಪಗ್ರಹವನ್ನು ಮೊದಲು ಬಿಡುವ ಕಕ್ಷೆಗೆ, ಸುಮಾರು 4 ಟನ್ ಒಯ್ಯುತ್ತಿತ್ತು. ಆ ರಾಕೆಟ್ಟನ್ನು ಕೌರುವಿನಲ್ಲಿ ನಿಲ್ಲಿಸಿದ್ದರೂ 5.8 ಟನ್ ಏರುತ್ತಿರಲಿಲ್ಲ.

ಆದರೂ ಅಕ್ಷಾಂಶದಿಂದ ಉಳಿತಾಯ ಇದೆ, ಚೆನ್ನಾಗಿಯೇ ಇದೆ. ಅದು ನೆಲದ ವೇಗದಲ್ಲಿಲ್ಲ, ಕಕ್ಷೆಯ ಓರೆಯಲ್ಲಿದೆ, ಅಂದರೆ ಕಕ್ಷೆ ಭೂಮಧ್ಯರೇಖೆಯಿಂದ ಎಷ್ಟು ಡಿಗ್ರಿ ವಾಲಿದೆ ಅನ್ನುವುದರಲ್ಲಿ. ಟಿವಿ, ಹವಾಮಾನದ ಉಪಗ್ರಹಗಳು ಭೂಮಧ್ಯರೇಖೆಯ ನೇರ ಮೇಲೆ, 35,786 ಕಿ.ಮೀ. ಎತ್ತರದಲ್ಲಿ ನಿಲ್ಲಬೇಕು. ಅಲ್ಲಿ ಓರೆ ಸೊನ್ನೆ ಇರಬೇಕು. ರಾಕೆಟ್ ಉಪಗ್ರಹವನ್ನು ಮೊದಲು ಒಂದು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಡುತ್ತದೆ. ಅದೇ ಜಿಟಿಒ. ಅದರ ಹತ್ತಿರದ ತುದಿ 170-200 ಕಿ.ಮೀ., ದೂರದ ತುದಿ ಸುಮಾರು 36,000 ಕಿ.ಮೀ. ಶ್ರೀಹರಿಕೋಟಾದಿಂದ ಎಲ್‌ವಿಎಂ3ಯಲ್ಲಿ ಹೋದರೆ ಈ ಕಕ್ಷೆ 21.5 ಡಿಗ್ರಿ ಓರೆ ಇರುತ್ತದೆ. ಕೌರುವಿನಿಂದ ಏರಿಯಾನ್-5ರಲ್ಲಿ ಸಾಮಾನ್ಯವಾಗಿ 6 ಡಿಗ್ರಿ. ಆ ಓರೆಯನ್ನು ನೇರ ಮಾಡುವ ಕೆಲಸ ಉಪಗ್ರಹದ ಪಾಲಿಗೆ ಬರುತ್ತದೆ, ತನ್ನ ಹೊಟ್ಟೆಯೊಳಗಿನ ಇಂಧನದಿಂದಲೇ. ಅಕ್ಷಾಂಶಕ್ಕೆ ನಾವು ಬೆಲೆ ಕೊಡುವುದು ಅಲ್ಲಿ.

ಶಿರಸಿ ಟೀಚರ್

ಸರ್, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಇದನ್ನು ಮಕ್ಕಳಿಗೆ ಮೂಸಂಬಿ ಹಿಡಿದು ತೋರಿಸುತ್ತೇನೆ. ಇಲ್ಲೂ ಹೇಳಿಬಿಡುತ್ತೇನೆ.

ಮೂಸಂಬಿಯ ನಡುವಿಗೆ ಪೆನ್ನಿನಿಂದ ಒಂದು ಗೆರೆ ಎಳೆಯಿರಿ, ಅದು ಭೂಮಧ್ಯರೇಖೆ. ಅದಕ್ಕಿಂತ ಸ್ವಲ್ಪ ಮೇಲೆ ಒಂದು ಚುಕ್ಕೆ ಇಡಿ, ಅದು ಶ್ರೀಹರಿಕೋಟಾ. ಈಗ ಚಾಕುವಿನಿಂದ ಹಣ್ಣನ್ನು ಸರಿಯಾಗಿ ಎರಡು ಸಮಭಾಗ ಮಾಡಬೇಕು, ಚಾಕು ಆ ಚುಕ್ಕೆಯ ಮೂಲಕವೂ ಹೋಗಬೇಕು. ಸಮಭಾಗ ಆಗಬೇಕಾದರೆ ಚಾಕು ಹಣ್ಣಿನ ಮಧ್ಯಬಿಂದುವನ್ನು ದಾಟಲೇಬೇಕು. ಉಪಗ್ರಹವೂ ಹಾಗೇ. ಅದರ ದಾರಿ ಯಾವಾಗಲೂ ಭೂಮಿಯ ಮಧ್ಯಬಿಂದುವಿನ ಸುತ್ತ.

ಮಕ್ಕಳು ಎಷ್ಟೇ ಪ್ರಯತ್ನ ಮಾಡಿದರೂ ಚಾಕು ಪೆನ್ನಿನ ಗೆರೆಯ ಮೇಲೇ ಕೂರುವುದಿಲ್ಲ. ಚುಕ್ಕೆ ಗೆರೆಯಿಂದ ಎಷ್ಟು ಮೇಲಿದೆಯೋ ಕನಿಷ್ಠ ಅಷ್ಟು ಓರೆ ಆಗಿಯೇ ಆಗುತ್ತದೆ. ಜಾಸ್ತಿ ಓರೆ ಮಾಡಬಹುದು, ಬೇಕಾದರೆ ಧ್ರುವದ ಮೇಲಿಂದಲೂ ಕತ್ತರಿಸಬಹುದು. ಕಡಿಮೆ ಮಾತ್ರ ಆಗುವುದಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಇದನ್ನು ಕಂಡುಕೊಂಡ ಕ್ಷಣ ಅವನ ಮುಖ ನೋಡಬೇಕಿತ್ತು.

ನನ್ನ ಪ್ರಶ್ನೆ ಇಷ್ಟು. ಮೂಸಂಬಿ ಪ್ರಕಾರ ಶ್ರೀಹರಿಕೋಟಾದ ಓರೆ 13.7 ಬರಬೇಕು. ನೀವು 21.5 ಅಂದಿರಿ. ಆ ಎಂಟು ಡಿಗ್ರಿ ಎಲ್ಲಿಂದ ಬಂತು?

ಕಕ್ಷೆಗಾರ

ಮೇಡಂ, ನಿಮ್ಮ ಮೂಸಂಬಿಯನ್ನು ನಾನೂ ಇನ್ನು ಮುಂದೆ ಬಳಸುತ್ತೇನೆ. ಆ ಎಂಟು ಡಿಗ್ರಿಯಲ್ಲೇ ತುಂಗಾತೀರ ಅವರ ಮಗಳ ಪ್ರಶ್ನೆಗೂ ಉತ್ತರ ಇದೆ.

13.7 ಬರುವುದು ಚುಕ್ಕೆಯಿಂದ ನೇರ ಪೂರ್ವಕ್ಕೆ ಹೊರಟರೆ ಮಾತ್ರ. ಭೂಪಟ ತೆಗೆದು ನೋಡಿ. ಹಾಗೆ ಹೊರಟ ದಾರಿ ಬಂಗಾಳ ಕೊಲ್ಲಿ ದಾಟುವ ಹೊತ್ತಿಗೆ 13.4 ಡಿಗ್ರಿ ಉತ್ತರಕ್ಕೆ ಬಂದಿರುತ್ತದೆ. ಅಲ್ಲೇ ಉತ್ತರ ಅಂಡಮಾನ್ ಇದೆ. ಅದರಾಚೆ ಮ್ಯಾನ್ಮಾರ್ ಕರಾವಳಿ, ಆಮೇಲೆ ಥಾಯ್ಲೆಂಡ್. ಉರಿದು ಮುಗಿದ ಹಂತಗಳು ಬೀಳುವ ದಾರಿಯಲ್ಲಿ, ಏನಾದರೂ ಕೆಟ್ಟರೆ ಇಡೀ ರಾಕೆಟ್ಟೇ ಬೀಳಬಹುದಾದ ದಾರಿಯಲ್ಲಿ ಜನ ಇರಬಾರದು. ಅದಕ್ಕೇ ರಾಕೆಟ್ಟನ್ನು ಆಗ್ನೇಯಕ್ಕೆ ತಿರುಗಿಸಿ ತೆರೆದ ಸಮುದ್ರದ ಮೇಲೆ ಒಯ್ಯುತ್ತಾರೆ. ಮಗಳು ಕಂಡ ಸೊಟ್ಟ ದಾರಿ ಅದೇ.

ಉತ್ತರದಿಂದ ಅಳೆದ ದಿಕ್ಕು `A` ಆದರೆ, ಓರೆ `i` ಹೀಗೆ ಬರುತ್ತದೆ:

```
cos(i) = cos(13.7) * sin(A)
A = 90   ->  i = 13.7
A = 104  ->  i = 19.5
A = 107  ->  i = 21.7
```

90 ಅಂದರೆ ನೇರ ಪೂರ್ವ. ದಿಕ್ಕು 17 ಡಿಗ್ರಿ ತಿರುಗಿದರೆ ಓರೆ 8 ಡಿಗ್ರಿ ಏರುತ್ತದೆ. ಭೂಮಿಯ ತಳ್ಳು ಕೂಡ ಪೂರ್ತಿ ಸಿಗುವುದಿಲ್ಲ. ಆ ದಿಕ್ಕಿನಲ್ಲಿ ಸಿಗುವುದು 452 ಅಲ್ಲ, 432 ಮೀಟರ್. ಹಾಗಾಗಿ ತುಂಗಾತೀರ ಅವರೇ, ನಿಮ್ಮ 11 ಮೀಟರ್ ವ್ಯತ್ಯಾಸ ನಿಜವಾಗಿ ಸುಮಾರು 30 ಆಗುತ್ತದೆ. ಕೌರುವಿಗೆ ಆ ತೊಂದರೆ ಇಲ್ಲ. ಅದರ ಪೂರ್ವಕ್ಕೆ ಆಫ್ರಿಕಾದ ತನಕ ಅಟ್ಲಾಂಟಿಕ್ ಸಾಗರ ಖಾಲಿ ಬಿದ್ದಿದೆ.

ಉಡಾವಣೆಯ ಜಾಗ ಅಂದಾಗ ಜನ ಅಕ್ಷಾಂಶ ಒಂದನ್ನೇ ನೋಡುತ್ತಾರೆ. ಎದುರಿಗೆ ಏನಿದೆ ಅನ್ನುವುದನ್ನೂ ಅಷ್ಟೇ ಗಮನವಿಟ್ಟು ನೋಡಬೇಕು. ಕಜಕಸ್ತಾನದ ಬೈಕೊನೂರ್ ಉಡಾವಣಾ ಕೇಂದ್ರ ಸುಮಾರು 46 ಡಿಗ್ರಿಯಲ್ಲಿದೆ. ಅಲ್ಲಿಂದ ನೇರ ಪೂರ್ವಕ್ಕೆ ಹೋದರೆ ದಾರಿ ಚೀನಾದ ಮೇಲೆ ಬರುತ್ತದೆ. ಅದಕ್ಕೇ ಅವರು ಸ್ವಲ್ಪ ಈಶಾನ್ಯಕ್ಕೆ ಹಾರಿಸುತ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಓರೆ 51.6 ಆಗಿರುವುದರ ಹಿಂದೆ ಇದೇ ಕಥೆ ಇದೆ.

ಮಲ್ಪೆ ಬೋಟ್

ನಮ್ಮದೊಂದು ಪ್ರಶ್ನೆ ಅಣ್ಣ. ಮಂಗಳೂರು 12.9 ಡಿಗ್ರಿ. ಅಂದರೆ ಶ್ರೀಹರಿಕೋಟಾಕ್ಕಿಂತ ಭೂಮಧ್ಯರೇಖೆಗೆ ಹತ್ತಿರ. ನಮ್ಮಲ್ಲೂ ದೊಡ್ಡ ಸಮುದ್ರ ಇದೆ, ಅರಬ್ಬಿ ಸಮುದ್ರದಲ್ಲಿ ಬೇಕಾದಷ್ಟು ಖಾಲಿ ಜಾಗ ಇದೆ. ನಾವು ಬೋಟಿನಲ್ಲಿ ಹೋಗುವವರು, ನೋಡಿದ್ದೇವೆ. ನಮ್ಮ ಕರಾವಳಿಗೆ ಯಾಕೆ ಕೊಡಲಿಲ್ಲ?

ಹುಬ್ಬಳ್ಳಿ ವಿನಯ

ಸಮುದ್ರ ಇರುವುದು ಪಶ್ಚಿಮಕ್ಕಲ್ವಾ ಅಣ್ಣ. ಅಲ್ಲಿಂದ ಪೂರ್ವಕ್ಕೆ ಹಾರಿಸಿದರೆ ಘಟ್ಟ ದಾಟಿ ಊರುಗಳ ಮೇಲೆ ಬೂಸ್ಟರ್ ಬೀಳುತ್ತದೆ. ಪಶ್ಚಿಮಕ್ಕೆ ಹಾರಿಸಿದರೆ ಭೂಮಿಯ ವೇಗ ನಮಗೆ ಎದುರು. ಮೊದಲೇ ಇರುವ 453 ಮೀಟರನ್ನು ಕಳೆದು ಸೊನ್ನೆಗೆ ಬಂದು, ಆಮೇಲೆ ಆ ಕಡೆಗೆ ವೇಗ ಹಿಡಿಯಬೇಕು. ಪೂರ್ವಕ್ಕೆ ಹೋಲಿಸಿದರೆ 900 ಮೀಟರ್ ನಷ್ಟ.

ಕಕ್ಷೆಗಾರ

ವಿನಯ ಅವರು ಸರಿಯಾಗಿ ಹೇಳಿದರು. ಈ ನಷ್ಟವನ್ನು ಗೊತ್ತಿದ್ದೂ ಹೊರುವ ದೇಶ ಒಂದಿದೆ. ಇಸ್ರೇಲ್ ತನ್ನ ಶಾವಿಟ್ ರಾಕೆಟ್ಟನ್ನು ಪಶ್ಚಿಮಕ್ಕೆ, ಮೆಡಿಟರೇನಿಯನ್ ಸಮುದ್ರದ ಮೇಲೆ ಹಾರಿಸುತ್ತದೆ. ಪೂರ್ವಕ್ಕೆ ನೆರೆ ದೇಶಗಳಿವೆ, ಬೇರೆ ದಾರಿಯಿಲ್ಲ. ಹಾಗಾಗಿ ಅವರ ಉಪಗ್ರಹಗಳು ಚಿಕ್ಕವೇ ಇರಬೇಕಾಗುತ್ತದೆ. ಇನ್ನೊಂದು ಕಡೆ ಚೀನಾ ನೋಡಿ. ಅವರ ಶಿಚಾಂಗ್ ಕೇಂದ್ರ 28 ಡಿಗ್ರಿಯಲ್ಲಿ, ಒಳನಾಡಿನಲ್ಲಿದೆ. ಅಲ್ಲಿಂದ ಹಾರಿದ ರಾಕೆಟ್ಟಿನ ತುಂಡುಗಳು ಹಳ್ಳಿಗಳ ಹತ್ತಿರ ಬಿದ್ದಿದ್ದಿವೆ. ಆಮೇಲೆ ಹೈನಾನ್ ದ್ವೀಪದ ವೆನ್‌ಚಾಂಗ್‌ನಲ್ಲಿ ಕೇಂದ್ರ ಕಟ್ಟಿ 2016ರಿಂದ ಹಾರಿಸುತ್ತಿದ್ದಾರೆ. ಅದು 19.6 ಡಿಗ್ರಿ, ಎದುರಿಗೆ ಸಮುದ್ರ. ಒಂದೇ ಸಲ ಎರಡೂ ಸಿಕ್ಕಿತು.

ಹುಬ್ಬಳ್ಳಿ ವಿನಯ

ಓರೆ ತಿದ್ದುವ ಲೆಕ್ಕ ನಾನೂ ಮಾಡಿದೆ. ಗಾಬರಿ ಆಯಿತು. ಕಕ್ಷೆಯಲ್ಲಿ ವೇಗ 7.78 ಕಿ.ಮೀ. ಅದನ್ನು 21.5 ಡಿಗ್ರಿ ತಿರುಗಿಸಬೇಕು. 2 × 7.78 × sin(10.75) = 2.9 ಕಿ.ಮೀ.! ಸೆಕೆಂಡಿಗೆ ಸುಮಾರು ಮೂರು ಕಿಲೋಮೀಟರ್ ವೇಗದ ಇಂಧನವನ್ನು ಸುಮ್ನೆ ತಿರುಗಲು ಸುಡಬೇಕು. ಇಷ್ಟು ದುಬಾರಿಯಾದರೆ ಶ್ರೀಹರಿಕೋಟಾದಿಂದ ಭೂಸ್ಥಿರ ಉಪಗ್ರಹ ಹಾರಿಸುವುದೇ ತಪ್ಪಲ್ವಾ?

ಕಕ್ಷೆಗಾರ

ಸೂತ್ರ ಸರಿ ಇದೆ ವಿನಯ್, ಜಾಗ ತಪ್ಪಿದೆ. ನೀವು ಕೆಳಗೆ ತಿರುಗಿಸಿದಿರಿ. ತಿರುಗಿಸುವುದು ಮೇಲೆ.

ವೇಗವಾಗಿ ಓಡುವ ಬೈಕನ್ನು ತಿರುಗಿಸುವುದು ಕಷ್ಟ, ನಿಧಾನ ಆದಾಗ ಸುಲಭ. ಜಿಟಿಒ ಕಕ್ಷೆಯ ಹತ್ತಿರದ ತುದಿಯಲ್ಲಿ ಉಪಗ್ರಹ ಸೆಕೆಂಡಿಗೆ ಹತ್ತು ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಧಾವಿಸುತ್ತಿರುತ್ತದೆ. ದೂರದ ತುದಿಗೆ ಏರುವ ಹೊತ್ತಿಗೆ ಅದು 1.6 ಕಿ.ಮೀ.ಗೆ ಇಳಿದಿರುತ್ತದೆ. ತಿರುಗಿಸಬೇಕಾದದ್ದು ಅಲ್ಲಿ. ಇನ್ನೂ ಒಂದು ಅನುಕೂಲ ಇದೆ. ಹೇಗೂ ಅಲ್ಲಿ ವೇಗವನ್ನು 1.6ರಿಂದ 3.075 ಕಿ.ಮೀ.ಗೆ ಏರಿಸಲೇಬೇಕು, ಇಲ್ಲದಿದ್ದರೆ ಮತ್ತೆ ಕೆಳಗೆ ಜಾರುತ್ತದೆ. ಎರಡು ಕೆಲಸವನ್ನೂ ಒಂದೇ ತಳ್ಳಿನಲ್ಲಿ, ಸ್ವಲ್ಪ ಅಡ್ಡಕ್ಕೆ ತಿರುಗಿಸಿ ಕೊಟ್ಟರೆ ಆಯಿತು. ತ್ರಿಕೋನದ ಎರಡು ಬದಿ ಸುತ್ತುವ ಬದಲು ಮೂರನೇ ಬದಿಯಲ್ಲಿ ನಡೆದ ಹಾಗೆ.

```
v1 = 1.597
v2 = 3.075
dv = sqrt(v1^2 + v2^2 - 2*v1*v2*cos(i))
i = 0     ->  1.478
i = 6     ->  1.496
i = 21.5  ->  1.693
i = 28.5  ->  1.837
i = 51.6  ->  2.430
```

ಎಲ್ಲ ಸೆಕೆಂಡಿಗೆ ಕಿ.ಮೀ. ಲೆಕ್ಕ. ಕೌರುವಿನ 6 ಡಿಗ್ರಿಗೂ ಸೊನ್ನೆಗೂ 18 ಮೀಟರ್ ಮಾತ್ರ ವ್ಯತ್ಯಾಸ. ನಮ್ಮ 21.5ಕ್ಕೂ ಕೌರುವಿಗೂ 197 ಮೀಟರ್. ಮೊದಲ ಕೆಲವು ಡಿಗ್ರಿಗೆ ಏನೂ ಖರ್ಚಾಗುವುದಿಲ್ಲ ಅನ್ನಬಹುದು, ಆಮೇಲೆ ಬೆಲೆ ಬೇಗ ಏರುತ್ತದೆ.

ಒಂದು ಉಪಗ್ರಹ ಹಿಡಿದು ನೋಡೋಣ. ಜಿಸ್ಯಾಟ್-29, 2018ರ ನವೆಂಬರ್ 14ರಂದು ಶ್ರೀಹರಿಕೋಟಾದಿಂದ ಹೋಯಿತು. ತೂಕ 3,423 ಕೆಜಿ. ರಾಕೆಟ್ ಬಿಟ್ಟ ಮೇಲೆ ಅದನ್ನು ಮೇಲಕ್ಕೇರಿಸಿದ್ದು ನಮ್ಮ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ. ಇಂಥ ಉಪಗ್ರಹದ ಎಂಜಿನ್ನಿನ ಬಲ 440 ನ್ಯೂಟನ್, ಅಂದರೆ ನೆಲದ ಮೇಲೆ 45 ಕೆಜಿ ಮೂಟೆ ಎತ್ತುವಷ್ಟು. ಅದು ಸೆಕೆಂಡಿಗೆ 142 ಗ್ರಾಂ ಇಂಧನ ಕುಡಿಯುತ್ತದೆ. 1.693 ಕಿ.ಮೀ. ವೇಗ ಗಳಿಸಲು ನನ್ನ ಲೆಕ್ಕದಲ್ಲಿ ಸುಮಾರು 1,440 ಕೆಜಿ ಬೇಕು. ಅದೇ ಉಪಗ್ರಹವನ್ನು 6 ಡಿಗ್ರಿ ಓರೆಯಲ್ಲಿ ಬಿಟ್ಟಿದ್ದರೆ 1,310 ಕೆಜಿ ಸಾಕಿತ್ತು. ವ್ಯತ್ಯಾಸ 130 ಕೆಜಿ. ಎಂಜಿನ್ ಉರಿಯುವ ಹೊತ್ತಿನಲ್ಲಿ ಹೇಳಿದರೆ ಕಾಲು ಗಂಟೆ.

ಹಾಸನದ ಕಂಟ್ರೋಲ್ ರೂಮಿನ ಪರದೆ ಮುಂದೆ ಕೂತವರಿಗೆ ಆ ಕಾಲು ಗಂಟೆ ಬೇರೆಯಾಗಿ ಕಾಣಿಸುವುದಿಲ್ಲ. ಒಟ್ಟು ಎರಡೂಮುಕ್ಕಾಲು ಗಂಟೆಯ ಉರಿಯನ್ನು ಮೂರು ನಾಲ್ಕು ಸಲಕ್ಕೆ ಹಂಚಿರುತ್ತಾರೆ. ಪ್ರತಿ ಸಲವೂ ಉಪಗ್ರಹ ದೂರದ ತುದಿಗೆ ಬರುವ ಹೊತ್ತಿಗೆ ಕಾದು, ಅದರ ಮುಖವನ್ನು ಸರಿಯಾದ ಕೋನಕ್ಕೆ ತಿರುಗಿಸಿ ಎಂಜಿನ್ ಹಚ್ಚುತ್ತಾರೆ. ಆ ತುದಿ ಭೂಮಧ್ಯರೇಖೆಯ ಮೇಲೆಯೇ ಬರಬೇಕು. ಬೇರೆಲ್ಲಿ ತಳ್ಳಿದರೂ ಓರೆ ಪೂರ್ತಿ ಹೋಗುವುದಿಲ್ಲ, ಕಕ್ಷೆ ಬೇರೆ ದಿಕ್ಕಿಗೆ ತಿರುಗುತ್ತದೆ ಅಷ್ಟೇ.

ತುಂಗಾತೀರ

ಈಗ ಅರ್ಥ ಆಯಿತು ಸರ್. ನಾನು ಹುಡುಕುತ್ತಿದ್ದದ್ದು ರಾಕೆಟ್ಟಿನಲ್ಲಿ, ಖರ್ಚು ಆಗುತ್ತಿರುವುದು ಉಪಗ್ರಹದಲ್ಲಿ. ಆದರೆ 3.4 ಟನ್ನಿನಲ್ಲಿ 130 ಕೆಜಿ ಜಾಸ್ತಿಯೇ? ಒಂದು ಸ್ಕೂಟರ್ ತೂಕ.

ಡಿಶ್ ಬಸಣ್ಣ

ನನಗೆ ಈ ಸೂತ್ರ ಎಲ್ಲ ತಿಳಿಯುವುದಿಲ್ಲ. ಆದರೆ ಓರೆ ಅಂದರೆ ಏನು ಅಂತ ನಾನು ಕಣ್ಣಿಂದ ನೋಡಿದ್ದೇನೆ, ಅದನ್ನು ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ದಾವಣಗೆರೆ ಹತ್ತಿರ ಕೇಬಲ್ ನಡೆಸುತ್ತಿದ್ದೆ. ಮಾಳಿಗೆ ಮೇಲೆ ದೊಡ್ಡ ಜಾಲರಿ ಡಿಶ್. ಒಂದು ಹಳೇ ಉಪಗ್ರಹದ ಚಾನೆಲ್ ಇತ್ತು. ಅದು ದಿನವೂ ಒಂದು ಹೊತ್ತಿಗೆ ಚೆನ್ನಾಗಿ ಬರುತ್ತಿತ್ತು, ಇನ್ನೊಂದು ಹೊತ್ತಿಗೆ ಬರೀ ಚುಕ್ಕೆ ಚುಕ್ಕೆ. ಮೊದಲು ಎಲ್‌ಎನ್‌ಬಿ ಹಾಳಾಗಿದೆ ಅಂತ ಬದಲಾಯಿಸಿದೆ. ಆಮೇಲೆ ಕೇಬಲ್ ಬದಲಾಯಿಸಿದೆ. ಏನೂ ಆಗಲಿಲ್ಲ. ಆಮೇಲೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಹೊತ್ತು ಬರೆದಿಡಲು ಶುರು ಮಾಡಿದೆ. ಚಿತ್ರ ಕೆಡುವ ಹೊತ್ತು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುತ್ತಿತ್ತು. ಹದಿನೈದು ದಿನಕ್ಕೆ ಒಂದು ಗಂಟೆ! ಕೊನೆಗೆ ಡಿಶ್ಶಿನ ಬೋಲ್ಟ್ ಸಡಿಲ ಮಾಡಿ ಕೈಯಿಂದ ಸ್ವಲ್ಪ ಮೇಲೆ ಕೆಳಗೆ ಆಡಿಸಿದರೆ ಚಿತ್ರ ಬರುತ್ತಿತ್ತು. ಉಪಗ್ರಹವೇ ಮೇಲೆ ಕೆಳಗೆ ತೂಗಾಡುತ್ತಿದೆ ಅಂತ ಆಗ ಗೊತ್ತಾಯಿತು.

ಇದಕ್ಕೂ ನೀವು ಹೇಳುತ್ತಿರುವುದಕ್ಕೂ ಸಂಬಂಧ ಇದೆಯಾ?

ಕಕ್ಷೆಗಾರ

ಬಸಣ್ಣ, ನೀವು ಹೇಳಿದ್ದೇ ತುಂಗಾತೀರ ಅವರ ಪ್ರಶ್ನೆಗೆ ಉತ್ತರ. ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಹತ್ತಿರ ಇರಲಿಲ್ಲ.

ಓರೆಯನ್ನು ಒಮ್ಮೆ ಸೊನ್ನೆ ಮಾಡಿದರೆ ಅದು ಹಾಗೇ ಇರುವುದಿಲ್ಲ. ಸೂರ್ಯ, ಚಂದ್ರ ಎರಡೂ ಎಳೆಯುತ್ತವೆ. ವರ್ಷಕ್ಕೆ ಮುಕ್ಕಾಲರಿಂದ ಒಂದು ಡಿಗ್ರಿ ತನಕ ಓರೆ ತಾನಾಗಿಯೇ ಬೆಳೆಯುತ್ತದೆ. ಅದನ್ನು ಮತ್ತೆ ಮತ್ತೆ ತಿದ್ದಲು ವರ್ಷಕ್ಕೆ 45-50 ಮೀಟರ್ ವೇಗದಷ್ಟು ಇಂಧನ ಬೇಕು. ಇಂಧನ ಮುಗಿಯುತ್ತಾ ಬಂದ ಹಳೇ ಉಪಗ್ರಹದಲ್ಲಿ ಈ ತಿದ್ದುವಿಕೆಯನ್ನು ಮೊದಲು ನಿಲ್ಲಿಸುತ್ತಾರೆ. ಆಗ ಅದು ದಿನಕ್ಕೊಮ್ಮೆ ಉತ್ತರಕ್ಕೂ ದಕ್ಷಿಣಕ್ಕೂ ತೂಗುತ್ತದೆ. ನಾಲ್ಕು ನಿಮಿಷದ ಲೆಕ್ಕವೂ ಸರಿ. ಉಪಗ್ರಹದ ಒಂದು ಸುತ್ತು 24 ಗಂಟೆ ಅಲ್ಲ, 23 ಗಂಟೆ 56 ನಿಮಿಷ.

ಈಗ 197 ಮೀಟರನ್ನು ವರ್ಷದ 45-50ರಿಂದ ಭಾಗಿಸಿ. ನಾಲ್ಕು ವರ್ಷ. ಆ 130 ಕೆಜಿ ಸ್ಕೂಟರ್ ತೂಕ ಇರಬಹುದು, ಆದರೆ ಅದು ನಾಲ್ಕು ವರ್ಷ ಡಿಶ್ ಅಲುಗಾಡಿಸದೆ ಟಿವಿ ನೋಡುವ ಇಂಧನ.

ಶಿರಸಿ ಟೀಚರ್

ಸರ್, ಒಂದು ಸಣ್ಣ ಆಕ್ಷೇಪ. ಜಿಸ್ಯಾಟ್-29ರ ಆಯುಸ್ಸು ನಾಲ್ಕು ವರ್ಷ ಕಡಿಮೆ ಆಯಿತು ಅಂತ ಮಕ್ಕಳಿಗೆ ಹೇಳಬಹುದೇ? ಎಲ್ಲಿಂದ ಹಾರುತ್ತದೆ ಅಂತ ಗೊತ್ತಿದ್ದೇ ಟ್ಯಾಂಕ್ ಮಾಡಿರುತ್ತಾರಲ್ವಾ?

ಕಕ್ಷೆಗಾರ

ನಿಮ್ಮ ಆಕ್ಷೇಪ ಸರಿ ಮೇಡಂ, ಹಾಗೆ ಹೇಳಬಾರದು. ಟ್ಯಾಂಕ್ ದೊಡ್ಡದಿರುತ್ತದೆ, ಆಯುಸ್ಸು ಅಂದುಕೊಂಡಷ್ಟೇ ಬರುತ್ತದೆ. ಕಳೆದುಕೊಳ್ಳುವುದು ಬೇರೆ ಕಡೆ. ಆ 130 ಕೆಜಿ ಜಾಗದಲ್ಲಿ ಇನ್ನಷ್ಟು ಟ್ರಾನ್ಸ್‌ಪಾಂಡರ್ ಇಡಬಹುದಿತ್ತು. ನಾನು ಅವಸರದಲ್ಲಿ ಬರೆದೆ.

ಹುಬ್ಬಳ್ಳಿ ವಿನಯ

ಹಾಗಾದರೆ ಕುಲಶೇಖರಪಟ್ಟಣಂನ ಹೊಸ ಉಡಾವಣಾ ಕೇಂದ್ರ ಬಂದ ಮೇಲೆ ಈ ಸಮಸ್ಯೆ ಮುಗಿಯುತ್ತದೆ. ತೂತ್ತುಕುಡಿ ಹತ್ತಿರ, 8.4 ಡಿಗ್ರಿ. 2024ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಆಯಿತು. ಭೂಮಧ್ಯರೇಖೆಗೆ ಹತ್ತಿರ ಅಂತಲೇ ಅಲ್ಲಿ ಕಟ್ಟುತ್ತಿದ್ದಾರೆ.

ರಾತ್ರಿ ಆಕಾಶ

ಇಲ್ಲ ವಿನಯ್, ಅದರ ಉದ್ದೇಶ ಪೂರ್ವ ಅಲ್ಲ, ದಕ್ಷಿಣ. ಅಲ್ಲಿಂದ ನೇರ ಪೂರ್ವಕ್ಕೆ ಹೋದರೆ ಶ್ರೀಲಂಕಾ ಅಡ್ಡ ಬರುತ್ತದೆ.

ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳು ಧ್ರುವಗಳ ಮೇಲೆ ಹಾಯುವ ಕಕ್ಷೆಗೆ ಹೋಗುತ್ತವೆ. ಶ್ರೀಹರಿಕೋಟಾದಿಂದ ದಕ್ಷಿಣಕ್ಕೆ ಹಾರಿಸಿದರೂ ಶ್ರೀಲಂಕಾ ಎದುರಿಗಿದೆ. ಅದಕ್ಕೇ ಪಿಎಸ್‌ಎಲ್‌ವಿ ಮೊದಲು ಆಗ್ನೇಯಕ್ಕೆ ಹೋಗಿ, ದ್ವೀಪವನ್ನು ಬಳಸಿ, ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ದೊಡ್ಡ ರಾಕೆಟ್ ಆ ತಿರುವನ್ನು ತಡೆದುಕೊಳ್ಳುತ್ತದೆ. ಎಸ್‌ಎಸ್‌ಎಲ್‌ವಿಯಂಥ ಚಿಕ್ಕ ರಾಕೆಟ್ಟಿಗೆ ಅದು ತುಂಬ ದುಬಾರಿ. ಕುಲಶೇಖರಪಟ್ಟಣಂನಿಂದ ನೇರ ದಕ್ಷಿಣಕ್ಕೆ ಅಂಟಾರ್ಕ್ಟಿಕಾ ತನಕ ಸಮುದ್ರವೇ.

ಇನ್ನೊಂದು ವಿಷಯ ಇದೆ. ಆ ಕಕ್ಷೆಗಳ ಓರೆ 97-98 ಡಿಗ್ರಿ, ಅಂದರೆ ಸ್ವಲ್ಪ ಪಶ್ಚಿಮಕ್ಕೇ ವಾಲಿರುತ್ತವೆ. ಅಲ್ಲಿ ಭೂಮಿಯ ವೇಗ ಉಪಯೋಗಕ್ಕೆ ಬರುವುದಿಲ್ಲ, ಅದನ್ನು ಅಳಿಸಬೇಕು. ಹಾಗಾಗಿ ಭೂಮಧ್ಯರೇಖೆಗೆ ಹತ್ತಿರ ಇರುವುದು ಆ ಕೆಲಸಕ್ಕೆ ತುಸು ನಷ್ಟವೇ. ಆದರೆ ತಿರುವು ತಪ್ಪುವ ಲಾಭದ ಮುಂದೆ ಆ ನಷ್ಟ ಚಿಕ್ಕದು.

ಓರೆಯೇ ಬೇಕು ಅನ್ನುವ ಉಪಗ್ರಹಗಳೂ ಇವೆ. ನಮ್ಮ ನಾವಿಕ್ ವ್ಯವಸ್ಥೆಯ ಕೆಲವು ಉಪಗ್ರಹಗಳು 29 ಡಿಗ್ರಿ ಓರೆ ಕಕ್ಷೆಯಲ್ಲಿವೆ. ಆಕಾಶದಲ್ಲಿ ಎಂಟರ ಆಕಾರ ಬರೆಯುತ್ತವೆ. ಅವುಗಳಿಗೆ ಕೌರುವಿನ 6 ಡಿಗ್ರಿ ಕೊಟ್ಟರೆ ಬರೀ ಜಾಸ್ತಿ ಕೆಲಸ.

ತುಂಗಾತೀರ

ಹಾಗಾದರೆ ಇನ್ನೊಂದು ಗೊಂದಲ. 2024ರ ನವೆಂಬರ್‌ನಲ್ಲಿ ಜಿಸ್ಯಾಟ್-ಎನ್2 ಹಾರಿದ್ದು ಫ್ಲೋರಿಡಾದ ಕೇಪ್ ಕೆನಾವೆರಲ್‌ನಿಂದ, ಫಾಲ್ಕನ್-9ರಲ್ಲಿ. ಅದು 28.5 ಡಿಗ್ರಿ! ಶ್ರೀಹರಿಕೋಟಾಕ್ಕಿಂತ ಎರಡು ಪಟ್ಟು ದೂರ. ಅಲ್ಲಿ ನೆಲದ ವೇಗವೂ 409 ಮೀಟರ್ ಮಾತ್ರ. ಯಾಕೆ?

ಕಕ್ಷೆಗಾರ

ಮತ್ತೆ ತೂಕ. ಅದು 4,700 ಕೆಜಿ ಇತ್ತು. ನಮ್ಮ ರಾಕೆಟ್ಟಿಗೆ ಭಾರ, ಫಾಲ್ಕನ್-9ಕ್ಕೆ ಆಗುವಂಥದ್ದು. ರಾಕೆಟ್ಟಿನ ಮೇಲಿನ ಹಂತದಲ್ಲಿ ಬಲ ಉಳಿದಿದ್ದರೆ ಓರೆಯನ್ನು ಅದೇ ಒಂದಿಷ್ಟು ಇಳಿಸಿ ಕೊಡಬಹುದು, ಅಥವಾ ದೂರದ ತುದಿಯನ್ನು ಇನ್ನೂ ದೂರಕ್ಕೆ ಒಯ್ದು ಬಿಡಬಹುದು. ದೂರ ಹೋದಷ್ಟೂ ನಿಧಾನ, ನಿಧಾನ ಆದಷ್ಟೂ ತಿರುಗಿಸುವುದು ಅಗ್ಗ. ಬೈಕೊನೂರಿನಿಂದ ಪ್ರೋಟಾನ್ ರಾಕೆಟ್ ದಶಕಗಟ್ಟಲೆ ಹೀಗೇ ಬದುಕಿತು. ಅದರ ಮೇಲಿನ ಹಂತ ಹಲವು ಸಲ ಉರಿದು 51 ಡಿಗ್ರಿ ಓರೆಯ ಬಹುಪಾಲನ್ನು ತಾನೇ ತಿದ್ದುತ್ತಿತ್ತು.

ರಾತ್ರಿ ಆಕಾಶ

ಆ ಮೇಲಿನ ಹಂತ ಕೈಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಕಥೆ ಇದೆ. ನನಗೆ ತುಂಬ ಇಷ್ಟವಾದದ್ದು.

1997ರ ಡಿಸೆಂಬರ್ 25ರಂದು ಬೈಕೊನೂರಿನಿಂದ ಏಷ್ಯಾಸ್ಯಾಟ್-3 ಹೋಯಿತು. ಮೇಲಿನ ಹಂತ ಎರಡನೇ ಸಲ ಉರಿಯಬೇಕಾದಾಗ ಹೊತ್ತಿದ ಕೂಡಲೇ ನಿಂತುಹೋಯಿತು. ಉಪಗ್ರಹ ಚೆನ್ನಾಗಿಯೇ ಇತ್ತು, ಆದರೆ 51 ಡಿಗ್ರಿ ಓರೆಯ ಉದ್ದ ಕಕ್ಷೆಯಲ್ಲಿ ಸಿಕ್ಕಿಬಿತ್ತು. ಮೇಲೆ ಕಕ್ಷೆಗಾರ ಸರ್ ಕೊಟ್ಟ ಪಟ್ಟಿಯ ಕೊನೆ ಸಾಲು ನೋಡಿ, 2.43 ಕಿ.ಮೀ. ಅಷ್ಟು ಖರ್ಚು ಮಾಡಿದರೆ ಆಮೇಲೆ ಕೆಲಸ ಮಾಡಲು ಏನೂ ಉಳಿಯುತ್ತಿರಲಿಲ್ಲ. ವಿಮೆ ಕಂಪನಿಗಳು ಅದು ಹೋಯಿತು ಅಂತಲೇ ಲೆಕ್ಕ ಮುಗಿಸಿದವು.

ಆಮೇಲೆ ಅದನ್ನು ತಯಾರಿಸಿದ ಹ್ಯೂಸ್ ಕಂಪನಿಯವರು ಒಂದು ದಾರಿ ಹಿಡಿದರು. ಉಪಗ್ರಹದ ದೂರದ ತುದಿಯನ್ನು ಸ್ವಲ್ಪ ಸ್ವಲ್ಪವೇ ಎತ್ತಿ, 1998ರ ಮೇ ತಿಂಗಳಲ್ಲಿ ಚಂದ್ರನ ಹಿಂದಿನಿಂದ ಒಂದು ಸುತ್ತು ಹಾಯಿಸಿದರು. ಜೂನ್‌ನಲ್ಲಿ ಇನ್ನೊಂದು ಸಲ. ಓರೆಯನ್ನು ಬಹುಪಾಲು ತಿದ್ದಿದ್ದು ಚಂದ್ರನ ಗುರುತ್ವ. ಪೂರ್ತಿ ಸೊನ್ನೆ ಆಗಲಿಲ್ಲ, ಆದರೆ ಬಳಸಬಹುದಾದಷ್ಟು ಇಳಿಯಿತು. ಎಚ್‌ಜಿಎಸ್-1 ಅಂತ ಹೊಸ ಹೆಸರಿನಲ್ಲಿ ಅದು ಕೆಲಸಕ್ಕೆ ಬಂತು. ಓರೆ ಎಷ್ಟು ದುಬಾರಿ ಅಂದರೆ, ಚಂದ್ರನ ತನಕ ಹೋಗಿ ಬರುವುದೇ ಅಗ್ಗವಾಯಿತು.

ಡಿಶ್ ಬಸಣ್ಣ

ಅಬ್ಬಾ. ಡಿಶ್ ಬೋಲ್ಟ್ ಸಡಿಲ ಮಾಡಿದ್ದು ನೆನಪಾಯಿತು. ಆ ಉಪಗ್ರಹ ನೋಡುವವರೂ ಡಿಶ್ ಆಡಿಸುತ್ತಿದ್ದರೋ ಏನೋ.

ಹುಬ್ಬಳ್ಳಿ ವಿನಯ

ಕೊನೆಗೆ ಒಂದು ಮಾತು. ಈಗ ಎಲೆಕ್ಟ್ರಿಕ್ ಎಂಜಿನ್ ಬರುತ್ತಿವೆ. 2017ರ ಜಿಸ್ಯಾಟ್-9ರಲ್ಲೇ ನಮ್ಮವರು ಇಟ್ಟಿದ್ದರು. ಅದರ ಅನಿಲ ನಾಲ್ಕೈದು ಪಟ್ಟು ವೇಗವಾಗಿ ಹೊರಬರುತ್ತದೆ, ಅಷ್ಟೇ ಇಂಧನ ಕಡಿಮೆ ಸಾಕು. ಹಾಗಾದರೆ ಇನ್ನು ಹತ್ತು ವರ್ಷಕ್ಕೆ ಅಕ್ಷಾಂಶದ ಮಾತೇ ಬೇಡ. ಇದನ್ನಾದರೂ ಒಪ್ಪುತ್ತೀರಾ ಸರ್?

ಕಕ್ಷೆಗಾರ

ಅರ್ಧ ಒಪ್ಪುತ್ತೇನೆ. 130 ಕೆಜಿ ಬದಲು ಮೂವತ್ತೋ ನಲವತ್ತೋ ಕೆಜಿಗೆ ಬರಬಹುದು. ಆದರೆ ಆ ಎಂಜಿನ್ನಿನ ತಳ್ಳು ಅಂಗೈ ಮೇಲೆ ಇಟ್ಟ ಕೆಲವು ನಾಣ್ಯಗಳ ಭಾರದಷ್ಟು. ದೂರದ ತುದಿಯಲ್ಲಿ ಒಂದು ಗಂಟೆ ತಳ್ಳಿ ಮುಗಿಸಲು ಆಗುವುದಿಲ್ಲ, ತಿಂಗಳುಗಟ್ಟಲೆ ಕಕ್ಷೆಯ ಉದ್ದಕ್ಕೂ ತಳ್ಳುತ್ತಲೇ ಇರಬೇಕು. ನಿಧಾನ ಆದಾಗ ಮಾತ್ರ ತಿರುಗಿಸುವ ಅನುಕೂಲ ಅಲ್ಲಿ ಪೂರ್ತಿ ಸಿಗುವುದಿಲ್ಲ. ಅಷ್ಟು ದಿನವೂ ಉಪಗ್ರಹ ವಿಕಿರಣ ಪಟ್ಟಿಯೊಳಗೆ ಹಾದು ಹೋಗುತ್ತಿರುತ್ತದೆ, ಸೌರಫಲಕ ಸವೆಯುತ್ತದೆ. ಓರೆ ಜಾಸ್ತಿ ಇದ್ದಷ್ಟೂ ದಿನ ಜಾಸ್ತಿ. ಇಂಧನದಲ್ಲಿ ಕೊಡುತ್ತಿದ್ದ ಬೆಲೆಯನ್ನು ಕಾಲದಲ್ಲಿ ಕೊಡುತ್ತೇವೆ.

ಹುಬ್ಬಳ್ಳಿ ವಿನಯ

ಕಾಲ ಅಗ್ಗ ಸರ್, ಇಂಧನ ದುಬಾರಿ. ನಾನು ನನ್ನ ಮಾತಿಗೇ ನಿಲ್ಲುತ್ತೇನೆ.

ರಾತ್ರಿ ಆಕಾಶ

ಉಪಗ್ರಹ ಕೊಂಡವರನ್ನು ಕೇಳಿ ವಿನಯ್. ಆರು ತಿಂಗಳು ಆದಾಯವಿಲ್ಲದೆ ಕಾಯುವವರಿಗೆ ಕಾಲ ಅಗ್ಗ ಅಲ್ಲ.

ತುಂಗಾತೀರ

ಇಬ್ಬರೂ ಮುಂದುವರಿಸಿ, ನಾನು ಓದುತ್ತಿರುತ್ತೇನೆ. ಇವತ್ತು ಸಂಜೆ ಮಗಳಿಗೆ ಮೂಸಂಬಿ ಕತ್ತರಿಸಲು ಕೊಟ್ಟೆ. ಮೊದಲು ಚುಕ್ಕೆಯಿಂದ ನೇರ ಅಡ್ಡಕ್ಕೆ ಕತ್ತರಿಸಿದಳು. ಆಮೇಲೆ ಇನ್ನೊಂದು ಹಣ್ಣು ತೆಗೆದುಕೊಂಡು, ಚುಕ್ಕೆಯ ಬಲಕ್ಕೆ ಅಂಡಮಾನ್ ಅಂತ ಇನ್ನೊಂದು ಚುಕ್ಕೆ ಇಟ್ಟು, ಚಾಕುವನ್ನು ಅದರ ಕೆಳಗಿನಿಂದ ಹಾಯಿಸಿದಳು. ಎರಡು ಹೋಳುಗಳನ್ನೂ ಪಕ್ಕದಲ್ಲಿಟ್ಟು, ಓರೆ ಎಷ್ಟು ಜಾಸ್ತಿ ಆಯಿತು ಅಂತ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ತಂದು ಅಳೆಯುತ್ತಿದ್ದಾಳೆ.